ಸಹಾಯ ಬೇಕು: ಪೋಕರ್ ಸಿಮ್ಯುಲೇಶನ್‌ನಲ್ಲಿ ಏಳು ಎಲೆಗಳ ಲೆಕ್ಕ

ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಕೈಗೆ ಬಂದ ಎರಡು ಎಲೆಗಳ ಗೆಲುವಿನ ಸಾಧ್ಯತೆಯನ್ನು ಪೈಥಾನ್‌ನಲ್ಲಿ ಅಂದಾಜಿಸುತ್ತಿದ್ದೇನೆ. ಎದುರಾಳಿ ಒಬ್ಬನೇ. ಸಮವಾದರೆ ಅರ್ಧ ಗೆಲುವು ಎಂದು ಎಣಿಸುತ್ತೇನೆ. ಜೋಡಿ ಎಕ್ಕಕ್ಕೆ ಉತ್ತರ ಸುಮಾರು 85% ಬರುತ್ತಿದೆ, ಅದು ಸರಿ.

ತೊಡಕು ವೇಗದ್ದು. ಏಳು ಎಲೆಗಳಿಂದ ಐದರ 21 ಗುಂಪುಗಳನ್ನೂ ಪರೀಕ್ಷಿಸುತ್ತಿದ್ದೇನೆ:

```python
max(score(c) for c in combinations(seven, 5))
```

10,000 ಆಟಗಳಲ್ಲಿ ಉತ್ತರ ಅರ್ಧ ಶೇಕಡಾಕ್ಕೂ ಹೆಚ್ಚು ಅತ್ತಿತ್ತ ಆಗಬಹುದು. ಆ ಓಲಾಟ ಅರ್ಧವಾಗಬೇಕಾದರೆ ಆಟಗಳು ನಾಲ್ಕು ಪಟ್ಟು ಬೇಕು. ಈ ವೇಗದಲ್ಲಿ ಅಷ್ಟು ಕಾಯುವ ತಾಳ್ಮೆ ನನಗಿಲ್ಲ.

ಏಳನ್ನೂ ಒಟ್ಟಿಗೆ ಎಣಿಸುವ ಫಂಕ್ಷನ್ ಬರೆದೆ. ಆದರೆ ಹಾರ್ಟ್ 5, 6, 8, 9, ರಾಜ, ಜೊತೆಗೆ ಸ್ಪೇಡ್ 7, ಕ್ಲಬ್ 2 ಕೊಟ್ಟರೆ ಅದು ‘ಸ್ಟ್ರೈಟ್ ಫ್ಲಶ್’ ಎನ್ನುತ್ತದೆ. ನಿಜಕ್ಕೂ ಅದು ಬರೀ ಫ್ಲಶ್. ಫ್ಲಶ್ ಆದ ಬಣ್ಣದ ಎಲೆಗಳಲ್ಲಷ್ಟೇ ಸರಣಿ ಹುಡುಕಿದರೆ ಸಾಕೇ? ಎಕ್ಕವನ್ನು 1 ಎಂದೂ ಎಣಿಸುವ ಸರಣಿಯನ್ನು ಅಲ್ಲಿ ಹೇಗೆ ಸೇರಿಸುವುದು? ತಿಳಿದವರು ಹೇಳಿ.