ಕುದಿಸಿದ ಭತ್ತಾನೂ ಗಿರಣ್ಯಾಗ ನುಚ್ಚಾದ್ರ ತಪ್ಪು ಎಲ್ಲೈತಿ?

ನಮ್ದು ಹಾನಗಲ್ಲ ಕಡೆ. ಮನೀ ಊಟಕ್ಕಂತ 1 ಕ್ವಿಂಟಲ್ ಭತ್ತ ನೆನೆಸಿ, ಕುದಿಸಿ, ಸಿಮೆಂಟ್ ಕಣದಾಗ ಒಂದ ದಿನದಾಗ ಒಣಗಿಸಿ ಗಿರಣಿಗೆ ಒಯ್ದ್ವಿ. ಕುಚ್ಚಲಕ್ಕಿ ಒಡಿಯಂಗಿಲ್ಲ ಅಂತಾರ, ನಮಗ ಅರ್ಧಕ್ಕರ್ಧ ನುಚ್ಚು ಬಂತು. ಯಾಕ ಹಿಂಗಾತು? ಸತ್ವರ ಉಳದಿರತೈತೋ ಇಲ್ಲೋ?

ಶಿಗ್ಗಾವಿಯವರು: ಗಿರಣಿದ ತಪ್ಪು ಬಿಡ್ರಿ. ಹಳೇ ಹಲ್ಲರ್ ಇದ್ರ ಹೊಟ್ಟು ತಗಿಯೋದು, ಪಾಲಿಶ್ ಮಾಡೋದು ಎಲ್ಲಾ ಒಂದ ಕಬ್ಬಿಣದ ಕೊಳವ್ಯಾಗ ತಿಕ್ಕಿ ತಿಕ್ಕಿ ಮಾಡ್ತೈತಿ, ಕಾಳು ಉಳಿಯೋದರ ಹೆಂಗ? ರಬ್ಬರ್ ರೋಲರ್ ಇರೋ ಗಿರಣಿಗೆ ಒಯ್ರಿ, ಮುಗೀತು.

ಕಲಘಟಗಿಯವರು: ಅಣ್ಣಾರು ಹೇಳಿದ್ದು ಸುಳ್ಳಲ್ಲ, ಹಲ್ಲರ್ ಜಾಸ್ತಿ ಒಡೀತೈತಿ. ಆದ್ರ ಚಲೋ ಕುದ್ದು ಸರಿಯಾಗಿ ಒಣಗಿದ ಭತ್ತ ಹಲ್ಲರ್‌ನಾಗೂ ಇಷ್ಟ ಒಡಿಯಂಗಿಲ್ರಿ. ನಮ್ಮ ಅಪ್ಪಾರು 20 ವರ್ಷ ಗಿರಣಿ ನಡೆಸಿದ್ರು, ನಾ ಅಲ್ಲೇ ಬೆಳದಾಕಿ. ನಂಗ ಸಂಶಯ ಬರೋದು ನಿಮ್ಮ "ಒಂದ ದಿನದಾಗ" ಅನ್ನೋ ಮಾತಿನ ಮ್ಯಾಲ.

ಹೊಲದಾಗ ನಿಂತ ಭತ್ತ ಹಗಲಿ ಬಿಸಲಿಗೆ ಒಣಗಿ ರಾತ್ರಿ ಇಬ್ಬನಿ ಕುಡದು ಒಳಗ ಸಣ್ಣ ಬಿರುಕು ಬಿಟ್ಟಿರತೈತಿ, ಕುದಿಸಿದಾಗ ಒಳಗಿನ ಹಿಟ್ಟು ಅಂಟಿನಂಗ ಆಗಿ ಆ ಬಿರುಕು ಕೂಡಿಕೊಂಡ ಬಿಡ್ತಾವ. ಕುಚ್ಚಲಕ್ಕಿ ಗಟ್ಟಿ ಅನ್ನೋದು ಇದಕ್ಕ. ಆದ್ರ ಮುಂದ ಒಣಗಿಸೋದ್ರಾಗ ಹೊಸಾ ಬಿರುಕು ನಾವ ಮಾಡಿ ಇಡ್ತೀವಿ. ಉಗಿಯಿಂದ ತಗದಾಗ ಭತ್ತದಾಗ ನೂರಕ್ಕ 35ರ ಹತ್ರ ನೀರಿರತೈತಿ. ಅಲ್ಲಿಂದ 16ಕ್ಕ ಬರೂತನಾ ಎಷ್ಟ ಬಿಸಲು ಹಾಕಿದ್ರೂ ಕಾಳು ತಡಕೋತೈತಿ. ಅದಕ್ಕಿಂತ ಕೆಳಗ ಹೋದಾಗ ಮ್ಯಾಲಿನ ಪದರು ಒಣಗಿ ಬಿಗೀತೈತಿ, ನಡುವು ಇನ್ನೂ ಹಸಿ, ಆ ಎಳತಕ್ಕ ಕಾಳು ಅಡ್ಡ ಬಿರುಕು ಬಿಡ್ತೈತಿ. ಮೋಸ ಏನಂದ್ರ ಅದು ಕಣದಾಗ ಕಾಣಂಗಿಲ್ಲ, ಬಳದು ಇಟ್ಟ ಮ್ಯಾಲ ಕೆಲವು ತಾಸಿಗೆ ಬಿರುಕು ಬರ್ತಾವ.

ನಮ್ಮ ಮನ್ಯಾಗೂ ಹಿಂಗ ಆಗಿತ್ತು. ಒಂದು ಸಲ ಅವಸರಕ್ಕ ಒಂದ ಬಿಸಲಿಗೆ ಒಣಗಿಸಿದ 1 ಕ್ವಿಂಟಲ್‌ಗೆ 65 ಕೆಜಿ ಅಕ್ಕಿ ಬಂತು, ಅದ್ರಾಗ 24 ಕೆಜಿ ನುಚ್ಚು. ಮುಂದಿನ ಸಲ ಅದ ಹೊಲದ ಭತ್ತ, ಅದ ಗಿರಣಿ, ಬರೇ ಒಣಗಿಸೋದು ಬದಲ ಮಾಡಿದ್ವಿ. ಮಧ್ಯಾಹ್ನದ ತನಾ ತೆಳ್ಳಗ ಹರವಿ ಆಗಾಗ ಕೈ ಆಡಿಸಿದ್ವಿ, ಕಾಳು ಹಲ್ಲಿಗೆ ಇನ್ನೂ ಸ್ವಲ್ಪ ಮೆತ್ತಗ ಇರೋವಾಗ ರಾಶಿ ಮಾಡಿ ಚೀಲ ಮುಚ್ಚಿ ರಾತ್ರಿಯೆಲ್ಲಾ ಬಿಟ್ವಿ. ಒಳಗಿನ ನೀರು ಹೊರಗ ಬಂದು ಸಮ ಆಗ್ಲಿ ಅಂತ. ಮರುದಿನ ನೆರಳಾಗ ಕಚ್ಚಿದ್ರ ಕಟ್ ಅನ್ನೋಹಂಗ ಒಣಗಿಸಿ, ಅಂದ್ರ 13-14ಕ್ಕ, ಮತ್ತೊಂದ ದಿನ ಬಿಟ್ಟು ಗಿರಣಿಗೆ ಹಾಕಿದ್ವಿ. 67 ಕೆಜಿ ಬಂತು, ನುಚ್ಚು 5 ಕೆಜಿ. ಗಿರಣ್ಯಾಗ ತೇವ ಅಳಿಯೋ ಮೀಟರ್ ಇದ್ರ ಒಂದ ಮುಷ್ಟಿ ಒಯ್ದು ನೋಡ್ರಿ, ಹಲ್ಲಿನ ಅಂದಾಜು ಒಬ್ಬೊಬ್ಬರದು ಒಂದೊಂದು.

ಗದಗದವರು: ನಮ್ಮ ಕುಚ್ಚಲಕ್ಕಿ ಒಡಿಯಂಗಿಲ್ಲ ಆದ್ರ ಅನ್ನ ನಾರತೈತಿ, ಮಕ್ಕಳು ಉಣ್ಣವಲ್ರು. ತಣ್ಣೀರಾಗ 3 ದಿನ ನೆನಸ್ತೀವಿ. ಇದಕ್ಕೇನ ಮಾಡ್ಬೇಕ್ರಿ?

ಕಲಘಟಗಿಯವರು: ಅಕ್ಕಾ, 3 ದಿನಕ್ಕ ನೀರು ಹುಳಿ ಬರ್ತೈತಿ, ಆ ವಾಸನಿ ಕಾಳಿಗೆ ಹತ್ತೈತಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ತೋರಿಸಿಕೊಟ್ಟ ಬಿಸಿನೀರಿನ ಪದ್ಧತಿ ಮಾಡ್ರಿ. ಕಾಯಿಸಿದ ನೀರಿಗೆ ಭತ್ತ ಹಾಕಿದ ಮ್ಯಾಲ 70 ಡಿಗ್ರಿ ಆಸುಪಾಸು ನಿಲ್ಲಬೇಕು, ಮೂರೂವರಿ-ನಾಕು ತಾಸಿಗೆ ನೆನದಿರತೈತಿ, ನೀರು ಬಸದು ಉಗಿ ಕೊಡ್ರಿ. ಹೊಟ್ಟು ಸ್ವಲ್ಪ ಬಾಯಿ ಬಿಟ್ರ ಸಾಕು.

ಧಾರವಾಡದ ನಿವೃತ್ತ ಮಾಸ್ತರ್: ಸತ್ವದ ಪ್ರಶ್ನೆ ಎಲ್ಲಾರೂ ಬಿಟ್ರಲ್ಲ. ಕುದಿಸಿದ ಅಕ್ಕಿಗೆ ತೌಡಿನ ಸತ್ವ ಎಲ್ಲಾ ಒಳಗ ಹೋಗಿರತೈತಿ, ಆಮ್ಯಾಲ ಎಷ್ಟ ಪಾಲಿಶ್ ಮಾಡಿದ್ರೂ ನಷ್ಟ ಇಲ್ಲ. 1905ರ ಸುಮಾರಿಗೆ ಕ್ವಾಲಾಲಂಪುರದ ಮಾನಸಿಕ ಆಸ್ಪತ್ರ್ಯಾಗ ಬಿಳಿ ಅಕ್ಕಿ ಉಂಡವ್ರಿಗೆ ಬಿ1 ಜೀವಸತ್ವದ ಕೊರತಿಗೆ ಬರೋ ಬೆರಿಬೆರಿ ರೋಗ ಬಂತು, ಕುಚ್ಚಲಕ್ಕಿ ಉಂಡವ್ರಿಗೆ ಬರಲಿಲ್ಲ.

ಹುಬ್ಬಳ್ಳಿಯವರು (ಆಹಾರ ವಿಜ್ಞಾನ ಓದೀನಿ): ಸರ್, ಬೆರಿಬೆರಿ ಮಾತು ಖರೆ, ಆದ್ರ "ಎಲ್ಲಾ" ಅಲ್ರಿ. ಬಿ1ನಂಥಾ ನೀರಾಗ ಕರಗೋವು ನೆನೆಯೋವಾಗ, ಉಗಿಯಾಗ ತೌಡಿನಿಂದ ಒಳಗ ಸರೀತಾವ, ಅದಕ್ಕ ಪಾಲಿಶ್ ಆದ್ರೂ ಬೆಳ್ಳನ ಅಕ್ಕಿಗಿಂತ ಜಾಸ್ತಿ ಉಳೀತಾವ. ನಾರು, ಎಣ್ಣಿ ಒಳಗ ಹೋಗಂಗಿಲ್ಲ, ತೌಡಿನ ಜೊತಿ ದನಕ್ಕ ಹೋಗ್ತಾವ. ಹೊಸಾದಾಗಿ ಏನೂ ಹುಟ್ಟಂಗಿಲ್ಲ, ಸ್ವಲ್ಪ ನೆನಸಿದ ನೀರಿಗೂ ಹೋಗ್ತೈತಿ. ನಿಮ್ಮ ನುಚ್ಚಿನ್ಯಾಗ ಸತ್ವ ಅಕ್ಕಿಯಷ್ಟ ಇರತೈತಿ, ಚೆಲ್ಲಬ್ಯಾಡ್ರಿ. ಮತ್ತ ಗಂಜಿ ಬಸದ ಚೆಲ್ಲೋ ರೂಢಿ ಇದ್ರ ಬಿಡ್ರಿ, ಬಿ1 ಅದರ ಜೊತೀನ ಹೋಗ್ತೈತಿ.

ಕೇಳಿದವರು: ನಾಕು ಕಾಳು ಹೊಟ್ಟು ಸುಲದು ಬಲ್ಬಿಗೆ ಹಿಡದೆ. ಅಡ್ಡ ಗೆರಿ ಅದಾವ್ರಿ, ಎರಡ್ರಾಗ ನಡುವ ಬೆಳ್ಳನ ಚುಕ್ಕಿನೂ ಐತಿ.

ಕಲಘಟಗಿಯವರು: ಗೆರಿ ಒಣಗಿಸಿದ್ದರದು. ಚುಕ್ಕಿ ಅಂದ್ರ ನಡುವಿನ ತನಾ ನೀರು ಇಳಿದಿಲ್ಲ, ಇಲ್ಲಾ ಉಗಿ ಸಾಲಿಲ್ಲ, ಹಿಟ್ಟು ಅಂಟಾಗದ ಆ ಜಾಗಾದಾಗ ಕಾಳು ಮುರೀತೈತಿ. ಎಷ್ಟು ತಾಸು ನೆನಸಿದ್ರಿ?

ಶಿಗ್ಗಾವಿಯವರು: ಹಂಗಾದ್ರೂ ಗಿರಣಿ ಬದಲ ಮಾಡಿ ಅರ್ಧ ಚೀಲ ಅಲ್ಲಿ, ಅರ್ಧ ಚೀಲ ಇಲ್ಲಿ ಹಾಕಿ ನೋಡ್ರಿ. ನಾ ಇನ್ನೂ ಒಪ್ಪಿಲ್ಲ.