ಅಪ್‌ಡೇಟ್: ಪಿಎಸ್5 ಹೆಡ್‌ಸೆಟ್‌ಗೆ ಕೊನೆಗೆ ಡಾಂಗಲ್ಲೇ

ನಾನು ಕೇಳಿದ್ದು: "ಪಿಎಸ್5ಗೆ ಬ್ಲೂಟೂತ್ ಹೆಡ್‌ಸೆಟ್ ಸಾಕಾ, ಯುಎಸ್‌ಬಿ ಡಾಂಗಲ್ ಇರೋದೇ ಬೇಕಾ? ಗೇಮ್ ಸದ್ದಿನಲ್ಲಿ ಗೆಳೆಯರ ಮಾತು ಕೇಳಿಸಲ್ಲ."

ಡಾಂಗಲ್ ಅಂದವರಿಗೆ ಥ್ಯಾಂಕ್ಸ್. ಪಿಎಸ್5 ಬ್ಲೂಟೂತ್ ಹೆಡ್‌ಸೆಟ್ ಅನ್ನು ನೇರವಾಗಿ ತೆಗೆದುಕೊಳ್ಳುವುದೇ ಇಲ್ಲ. ಟಿವಿಯ ಬ್ಲೂಟೂತ್‌ಗೆ ಜೋಡಿಸಿ ಅಂದಿದ್ರಲ್ಲ, ಅದನ್ನೂ ನೋಡಿದೆ. ಗುಂಡು ಹಾರಿದ ಮೇಲೆ ಸದ್ದು ಬರುತ್ತೆ! ಮೈಕ್ ಕೂಡ ಇಲ್ಲ. ಅಲ್ಲೊಂದು ಹೆಡ್‌ಸೆಟ್ ಇದೆ ಅಂತ ಕನ್ಸೋಲ್‌ಗೆ ಗೊತ್ತೇ ಆಗಲ್ಲ, ಅಲ್ವಾ.

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಪಿಎಸ್5ಗೆ ಹೊಂದುವ 2.4 ಗಿಗಾಹರ್ಟ್ಸ್ ಡಾಂಗಲ್‌ನ ಹೆಡ್‌ಸೆಟ್ ತಂದೆ. ಹಾಕಿದ ತಕ್ಷಣ ಮೈಕೂ ಬಂತು. ಪಿಎಸ್ ಬಟನ್ ಒತ್ತಿದರೆ ಕೆಳಗಿನ ಸಾಲಿನ ಸೌಂಡ್ ಐಕಾನ್‌ನಲ್ಲಿ ಗೇಮ್-ಚಾಟ್ ಸ್ಲೈಡರ್ ಇದೆ. ಚಾಟ್ ಕಡೆ ಸ್ವಲ್ಪ ಸರಿಸಿದೆ, ಮಾತು ಸ್ಪಷ್ಟ.

ಆಶ್ಚರ್ಯ ಆಗಿದ್ದು ಬೇರೆ. ಹಿಂದಿನ ಪೋರ್ಟ್‌ನಲ್ಲಿ, ಹಾರ್ಡ್‌ಡಿಸ್ಕ್ ಪಕ್ಕದಲ್ಲಿ ಡಾಂಗಲ್ ಇದ್ದಾಗ ಸದ್ದು ಕಡಿದು ಕಡಿದು ಬರುತ್ತಿತ್ತು. ಯುಎಸ್‌ಬಿ 3 ಸಾಧನಗಳ ಗದ್ದಲ ಅದೇ 2.4 ಅಲೆಗೆ ಅಡ್ಡ ಬರುತ್ತಂತೆ. ಮುಂದಿನ ಪೋರ್ಟ್‌ಗೆ ಹಾಕಿದೆ, ನಿಂತಿತು.