ಸಹಾಯ ಬೇಕು: ಪಿಇ ಮೇಷ್ಟ್ರ ಬೀಳ್ಕೊಡುಗೆ ಭಾಷಣ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ದೈಹಿಕ ಶಿಕ್ಷಕರು 30 ವರ್ಷದ ಸೇವೆ ಮುಗಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರು ಬರೆದ ಭಾಷಣ ತಿದ್ದಲು ಸಲಹೆ ಬೇಕು.

ಈಗ ಅದು ನಾಲ್ಕು ಪುಟ ಇದೆ, ಓದಲು ಹದಿನೈದು ನಿಮಿಷ. ಮಕ್ಕಳು ಅಂಗಳದಲ್ಲಿ ಕೂತಿರುತ್ತಾರೆ. ಐದಾರು ನಿಮಿಷ, ಅಂದರೆ ಸುಮಾರು 500 ಪದ ಸಾಕು. ಒಂದಿಡೀ ಪುಟ ಗೆದ್ದವರ ಹೆಸರೇ. ಒಬ್ಬರ ಹೆಸರು ಬಿಟ್ಟರೂ ನೋವಾಗುತ್ತದೆ, ಹಾಗಾಗಿ ಅದನ್ನು ತೆಗೆದು ಖೊಖೊ ಅಂಕಣವೊಂದನ್ನೇ ಹಿಡಿಯೋಣ ಎನಿಸುತ್ತದೆ.

ಅಲ್ಲಿ ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಬೆನ್ನಿಗೆ ಕೈ ತಾಗಿ ‘ಖೋ’ ಕೇಳುವ ಮೊದಲೇ ಎದ್ದರೆ ಫೌಲ್. ಖೋ ಕೊಟ್ಟವರು ಆ ಜಾಗದಲ್ಲೇ ಕೂರಬೇಕು. ಹೊಸ ಶಿಕ್ಷಕರಿಗೆ ಸೀಟಿ ಒಪ್ಪಿಸುವ ಮಾತು ಇದರಿಂದಲೇ ಸಹಜವಾಗಿ ಬರುತ್ತದೆ.

ತೊಡಕು ಒಂದೇ: ಮಕ್ಕಳಿಗೆ ‘ನೀವು’ ಎನ್ನುತ್ತಿದ್ದವರು ತಟ್ಟನೆ ಸಹೋದ್ಯೋಗಿಗಳತ್ತ ತಿರುಗಿದಾಗ ಯಾರಿಗೆ ಹೇಳುತ್ತಿದ್ದಾರೆಂದೇ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಆಟದ ಪೀರಿಯಡ್ ಬಿಟ್ಟುಕೊಟ್ಟದ್ದು, ಪಂದ್ಯಕ್ಕೆ ಹೋದ ಮಕ್ಕಳಿಗೆ ಪಾಠ ಮತ್ತೆ ಹೇಳಿಕೊಟ್ಟದ್ದು, ಸಹೋದ್ಯೋಗಿಗಳಿಗೆ ಹೇಳುವ ಇವನ್ನೆಲ್ಲ ಮೊದಲೇ ಹೇಳಿ ಮಕ್ಕಳಿಗೆ ಹೇಳುವುದನ್ನು ಕೊನೆಗಿಡುವುದೇ? ಈ ಭಾಗಕ್ಕೆ ಎರಡು ಮೂರು ವಾಕ್ಯ ಬರೆದುಕೊಟ್ಟರೆ ಉಪಕಾರ.